ಹಾಲಿಲ್ಲ ಅಂತೀವಿ, ಕರಿಲ್ಲ ಅಂತ ಯಾಕ ಅನ್ನಂಗಿಲ್ಲ?

ಜಮಖಂಡಿ ಕಡೆ ಹೈಸ್ಕೂಲಿನ್ಯಾಗ ಕನ್ನಡ ಕಲಿಸೋ ಒಬ್ಬ ಮೇಡಂ ಕೇಳ್ಯಾರ: "ಎಂಟನೇ ಕ್ಲಾಸಿಗೆ ಸಂಧಿ ಪಾಠ. 'ಅರ್ಥ ಕೆಡದಿದ್ರ ಲೋಪ, ಕೆಟ್ರ ಆಗಮ' ಅಂತ ಹೇಳ್ತೀನ್ರಿ, ಹುಡುಗ್ರು ಬಾಯಿಪಾಠ ಮಾಡ್ತಾರ, ಆದ್ರ ಹೊಸ ಶಬ್ದ ಕೊಟ್ರ ತಪ್ಪತಾರ. ನಿಯಮ ಹೇಳದ ಅವ್ರ ಕೈಲೆ ಕಂಡುಹಿಡಿಸೂದು ಹೆಂಗ?"

ಮೇಡಂ, ಇಡೀ ಸಂಧಿ ಪಾಠ ಒಂದ ಪೀರಿಯಡ್‌ನ್ಯಾಗ ತರಬ್ಯಾಡ್ರಿ. ಉ ಇಂದ ಮುಗಿಯೋ ಶಬ್ದ ಅಷ್ಟ ಹಿಡೀರಿ, ಮುಂದ 'ಇಲ್ಲ' ಒಂದ ಸೇರಿಸ್ರಿ, ಸಂಧಿ ಅನ್ನೋ ಹೆಸರು ಬೋರ್ಡ್ ಮ್ಯಾಲ ಬರಿಯಾಕ ಹೋಗಬ್ಯಾಡ್ರಿ.

ನಾನು ವಿಜಯಪುರ ಜಿಲ್ಲಾದಾಗ ನಮ್ಮ ಶಾಲ್ಯಾಗ ಹಿಂಗ ಮಾಡ್ತೀನಿ. ಹಾಲು, ನೀರು, ಊರು, ಕಬ್ಬು, ಕಣ್ಣು, ಕರು, ಮಗು, ಗುರು ಅಂತ ಒಂದೊಂದ ಹೇಳ್ತೀನಿ, 'ಇಲ್ಲ' ಕೂಡಿಸಿ ಒಂದ ಉಸುರಿನ್ಯಾಗ ಅನ್ರಿ ಅಂತೀನಿ. ಹಾಲಿಲ್ಲ, ನೀರಿಲ್ಲ, ಕಬ್ಬಿಲ್ಲ ಅಂತ ತಾವಾ ಅಂತಾರ, ಯಾರೂ ಕಲಿಸಿಲ್ಲ. ಕರು ಬಂದ ಕೂಡ್ಲೆ ನಿಲ್ತಾರ. ಕರಿಲ್ಲ ಅಂತ ಒಬ್ಬ ಅಂತಾನ, ಉಳಿದವ್ರು ನಗ್ತಾರ, ಆಮ್ಯಾಲ ಕರುವಿಲ್ಲ ಅಂತ ಬರ್ತೈತಿ. ಈಗ ಬೋರ್ಡಿಗೆ ಎರಡು ಸಾಲು ಮಾಡಿ ಅವ್ರು ಅಂದಿದ್ದು ಅಂದಂಗ ಬರೀರಿ.

ಇಲ್ಲಿ ಒಂದು ತಪ್ಪು ಗ್ಯಾರಂಟಿ ಬರ್ತೈತಿ, ಹುಡುಗ್ರು 'ಲು ಹೋತ್ರಿ ಸರ್' ಅಂತಾರ. ಲು ಅನ್ನೂದು ಲ್ ಮತ್ತ ಉ ಅಂತ ಬಿಡಿಸಿ ಬರಿಸ್ರಿ, ಹಾಲ್ + ಉ + ಇಲ್ಲ. ಹೋಗಿದ್ದು ಉ ಅಷ್ಟ, ಲ್ ಹಂಗ ಐತಿ, ಅದಕ್ಕ 'ಇಲ್ಲ' ಅನ್ನೂದರ ಇ ಹತ್ತಿಕೊಂತು. ಇದನ್ನ ಕಣ್ಣಲೆ ನೋಡಿದ ಮ್ಯಾಲನ ಮುಂದ ಹೋಗೂದು, ಇಲ್ಲಂದ್ರ ಉಳಿದ ಪಾಠ ಎಲ್ಲಾ ಗಾಳ್ಯಾಗ ನಿಂತಂಗ.

ಎರಡೂ ಸಾಲಿಗೆ ಏನ್ ಫರಕ್ ಅಂತ ಕೇಳಿದ್ರ ಮೊದಲ ಉತ್ತರ 'ಜೀವ ಇದ್ದಿದ್ದಕ್ಕ ವ ಬರ್ತೈತ್ರಿ'. ತಪ್ಪು ಅಂತ ನೀವು ಹೇಳಬ್ಯಾಡ್ರಿ. ಕರು, ಮಗು, ಗುರು ನೋಡಿದ್ರ ಯಾರಾದ್ರೂ ಹಂಗ ಅನ್ನಬೇಕು, ಉದಾಹರಣೆ ಹಂಗ ಕೊಟ್ಟೀವಿ. ಆಕಳು, ಮೀನು, ಮಧು, ಋತು ಅನ್ನೋ ನಾಕು ಶಬ್ದ ಕೊಟ್ಟು ಸುಮ್ಮನ ನಿಲ್ರಿ. ಆಕಳಿಲ್ಲ, ಮೀನಿಲ್ಲ ಅಂತ ಜೀವ ಇದ್ದವು ಆ ಕಡೆ ಹೋಗ್ತಾವು, ಮಧುವಿಲ್ಲ, ಋತುವಿಲ್ಲ ಅಂತ ಜೀವ ಇಲ್ಲದವು ಈ ಕಡೆ ಬರ್ತಾವು. ತಮ್ಮ ನಿಯಮ ತಾವಾ ಅಳಸ್ತಾರ, ನನಗ ಇಡೀ ಪಾಠದಾಗ ಭಾಳ ಸೇರೋ ಹೊತ್ತು ಇದು.

ಇನ್ನ ಛಂದಸ್ಸಿನ ಲಘು ಗುರು ಗುರುತು ಹಾಕಸ್ರಿ. ಹಾಲು, ನೀರು, ಊರು ಮೊದಲಕ್ಷರ ಗುರು. ಕಬ್ಬು, ಕಣ್ಣುದಾಗ ಒತ್ತಕ್ಷರ ಮುಂದ ಐತಿ ಅಂತ ಮೊದಲಕ್ಷರ ಗುರು. ಆಕಳು ಮೂರಕ್ಷರದ್ದು. ಕರು, ಮಗು, ಗುರು, ಮಧು, ಋತು ಮಾತ್ರ ಎರಡೂ ಲಘು. ಅಂದ್ರ ಎರಡ ಅಕ್ಷರ, ಎರಡೂ ಲಘು ಇದ್ರ ಉ ಉಳೀತೈತಿ, ನಡುವ ವ ಬರ್ತೈತಿ. ಹುಡುಗ್ರು ಹೇಳಿದ ಮಾತಿನ್ಯಾಗನ ಇದನ್ನ ಬರೀರಿ, ಹೆಸರು ಈಗ ಕೊಡ್ರಿ: ಉ ಹೋದದ್ದು ಲೋಪ ಸಂಧಿ, ವ ಬಂದದ್ದು ಆಗಮ ಸಂಧಿ.

ಕಾರಣನೂ ಅವ್ರ ಬಾಯಾಗ ಐತಿ. ಮನ್ಯಾಗ 'ಹಾಲ್ ತಗೊಂಡ್ ಬಾ', 'ನೀರ್ ಕುಡಿ' ಅಂತೀವಿ, ಉ ಮೊದಲ ಸಡ್ಲ ಐತಿ. ಹಳಗನ್ನಡದಾಗ ಊರ್, ನೀರ್, ಕಣ್ ಅಂತನ ಇದ್ದವು, ಉ ಆಮ್ಯಾಲ ಹತ್ತಿದ್ದು. 'ಕರ್ ಕಟ್ಟು' ಅಂತ ಯಾರೂ ಅನ್ನಂಗಿಲ್ಲ, ಅಲ್ಲಿ ಉ ಶಬ್ದದ್ದಾ. ಅದನ್ನ ತಗದ್ರ ಗುರು ಇಲ್ಲ ಅನ್ನೂದು 'ಗುರಿಲ್ಲ' ಆಗ್ತೈತಿ, ಕೇಳಿದವ ಗುರಿ ಇಲ್ಲ ಅಂತ ತಿಳ್ಕೋತಾನ. 'ಅರ್ಥ ಕೆಡತೈತಿ' ಅಂತ ಪುಸ್ತಕದಾಗ ಇರೂದು ಈ ಸಂಕಟ.

ಈ ನಿಯಮ ನಾಮಪದಕ್ಕ ಅಷ್ಟ ಇಟ್ಕೋರಿ, ಎರಡ ಕಡೆ ಮುರೀತೈತಿ. ವಸ್ತು, ಬಂಧು, ವಾಯು ಇಂಥ ಸಂಸ್ಕೃತದಿಂದ ಬಂದವು ಮೊದಲಕ್ಷರ ಗುರು ಇದ್ರೂ ವಸ್ತುವಿಲ್ಲ, ಬಂಧುವಿಲ್ಲ ಆಗ್ತಾವು. ಅದು, ಇದು ಎರಡೂ ಲಘು, ಆದ್ರೂ ಅದನ್ನು, ಇದನ್ನು ಅಂತೀವಿ, ಅದುವನ್ನು ಅನ್ನಂಗಿಲ್ಲ. ಇವನ್ನ ಮೊದಲ ದಿನ ತರಬ್ಯಾಡ್ರಿ. ಮರುದಿನ ಯಾರಾದ್ರೂ ಒಬ್ಬಾಕಿ 'ಸರ್, ವಸ್ತು ಹೊಂದವಲ್ದು' ಅಂತ ಎದ್ದು ನಿಂತ್ರ ಅವತ್ತ ಎತ್ಕೋರಿ.

ಮನಿಗೆ ಕೆಲಸ: ಅಡಗಿಮನಿ, ಹೊಲ, ಅಂಗಡಿ ಇವುಗಳಿಂದ ಉ ಇಂದ ಮುಗಿಯೋ ಹತ್ತು ಶಬ್ದ ತಂದು ಎರಡು ಸಾಲಿನ್ಯಾಗ ಹಚ್ಚೂದು. ಕರೆಕ್ಟ್ ಮಾಡುವಾಗ 'ಕಲ್ಲುವಿಲ್ಲ', 'ಕಾಲುವಿಲ್ಲ' ಅಂತ ಬರದವ್ರ ವಹಿ ಬ್ಯಾರೆ ಇಡ್ರಿ, ಅವ್ರು ವ ಅಷ್ಟ ನೆನಪಿಟ್ಟಾರ, ಲಘು ಗುರು ನೋಡಿಲ್ಲ, ಅವ್ರಿಗೆ ಗುರುತು ಹಾಕೂದು ಮತ್ತೊಮ್ಮೆ ಮಾಡಸ್ರಿ. ಅದು ಪಕ್ಕಾ ಆದ ಮ್ಯಾಲ ಕೆರೆ, ಚಳಿ ತಗೊಂಡು ಅಲ್ಲಿ ವ ಬಿಟ್ಟು ಯ ಯಾಕ ಬಂತು ಅಂತ ಕೇಳಬಹುದು.