ಕನಿಷ್ಠ ಬಿಂದು ಗರಿಷ್ಠಕ್ಕಿಂತ ಮೇಲಿದ್ದರೆ ತಪ್ಪೇ?

ಗ್ರಾಫ್ ಬಿಡಿಸಿದ ಮೇಲೆ ಉತ್ತರ ಸರಿ ಇದೆಯಾ ನೋಡು ಅಂದರೆ ಹೆಚ್ಚಿನ ವಿದ್ಯಾರ್ಥಿಗಳು ಅದೇ ಲೆಕ್ಕವನ್ನು ಅದೇ ದಾರಿಯಲ್ಲಿ ಇನ್ನೊಮ್ಮೆ ಮಾಡುತ್ತಾರೆ. ಮೊದಲ ಸಲ ಚಿಹ್ನೆ ಎಲ್ಲಿ ತಪ್ಪಿತ್ತೋ ಎರಡನೇ ಸಲವೂ ಅಲ್ಲೇ ತಪ್ಪುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ನಾನು ನೋಡುವ ಕ್ರಮ ಬೇರೆ. ಅಕ್ಷಗಳನ್ನು ಕತ್ತರಿಸುವ ಬಿಂದುಗಳು, ಅಸಿಂಪ್ಟೋಟ್‌ಗಳು, ತಿರುವು ಬಿಂದುಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡುತ್ತೇನೆ. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ಸಾಮಾನ್ಯವಾಗಿ ಅದನ್ನು ಹಿಡಿದುಕೊಡುತ್ತದೆ.

ಈ ಫಂಕ್ಷನ್ ತೆಗೆದುಕೊಳ್ಳೋಣ:

y = (x² − x − 2)/(x − 3)

ಅಂಶವನ್ನು ಅಪವರ್ತಿಸಿದರೆ (x − 2)(x + 1). ಹಾಗಾಗಿ ವಕ್ರರೇಖೆ x-ಅಕ್ಷವನ್ನು −1 ಮತ್ತು 2ರಲ್ಲಿ ಕತ್ತರಿಸುತ್ತದೆ. x = 0 ಹಾಕಿದರೆ y = 2/3. ಇಲ್ಲಿ ತಪ್ಪುವವರು ಕಡಿಮೆ. ತಪ್ಪಿದರೂ ಅದು −2/3 ಅಂತ ಬರೆಯುವ ಚಿಹ್ನೆಯ ತಪ್ಪು.

x = 3ರಲ್ಲಿ ಛೇದ ಸೊನ್ನೆ. ಅಷ್ಟಕ್ಕೇ ಅಲ್ಲಿ ಲಂಬ ಅಸಿಂಪ್ಟೋಟ್ ಇದೆ ಅನ್ನಬೇಡಿ. ಅಂಶಕ್ಕೂ 3 ಹಾಕಿ ನೋಡಿ. 9 − 3 − 2 = 4, ಸೊನ್ನೆಯಲ್ಲ. ಈಗ ಧೈರ್ಯವಾಗಿ ಗೆರೆ ಎಳೆಯಬಹುದು. ಅಂಶ x² − x − 6 ಆಗಿದ್ದರೆ x − 3 ಎರಡೂ ಕಡೆ ಹೊಡೆದುಹೋಗಿ y = x + 2 ಎಂಬ ಸರಳರೇಖೆ ಉಳಿಯುತ್ತಿತ್ತು, (3, 5)ರಲ್ಲಿ ಒಂದು ತೂತಿನ ಜೊತೆ. ಒಂದೇ ಅಂಕಿ ಬದಲಾದರೂ ಚಿತ್ರ ಪೂರ್ತಿ ಬೇರೆ.

ಭಾಗಾಕಾರ ಮಾಡಿದರೆ y = x + 2 + 4/(x − 3). ಅಂದರೆ y = x + 2 ಓರೆ ಅಸಿಂಪ್ಟೋಟ್. ಶೇಷ 4 ಅನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಆದರೆ ಅದರಲ್ಲಿ ಬೇಕಾದಷ್ಟು ಮಾಹಿತಿ ಇದೆ. x ಮೂರಕ್ಕಿಂತ ಕಡಿಮೆ ಇದ್ದಾಗ 4/(x − 3) ಋಣ, ಆದ್ದರಿಂದ ಎಡಗಡೆಯ ತುಂಡು ಪೂರ್ತಿ ಓರೆ ಗೆರೆಯ ಕೆಳಗಿರಬೇಕು. ಬಲಗಡೆಯದು ಪೂರ್ತಿ ಮೇಲಿರಬೇಕು. ಚಿತ್ರದಲ್ಲಿ ವಕ್ರರೇಖೆ ಓರೆ ಗೆರೆಯನ್ನು ದಾಟಿದ್ದರೆ ಲೆಕ್ಕ ನೋಡುವುದೇ ಬೇಡ, ಚಿತ್ರ ತಪ್ಪು.

ಈಗ ತಿರುವು ಬಿಂದುಗಳು. ಡೆರಿವೇಟಿವ್ 1 − 4/(x − 3)². ಅದು ಸೊನ್ನೆಯಾಗುವುದು x = 1 ಮತ್ತು x = 5ರಲ್ಲಿ. ಬಿಂದುಗಳು (1, 1) ಮತ್ತು (5, 9). ಮೊದಲನೆಯದು ಸ್ಥಳೀಯ ಗರಿಷ್ಠ, ಎರಡನೆಯದು ಸ್ಥಳೀಯ ಕನಿಷ್ಠ. ಇಲ್ಲಿಗೆ ಬಂದಾಗ ಎಷ್ಟೋ ಮಕ್ಕಳು ಗಾಬರಿಯಾಗುತ್ತಾರೆ. ಗರಿಷ್ಠ 1, ಕನಿಷ್ಠ 9, ಇದು ಹೇಗೆ ಸಾಧ್ಯ ಅಂತ ಸರಿಯಾದ ಉತ್ತರವನ್ನೇ ಹೊಡೆದುಹಾಕಿ ಅದಲುಬದಲು ಮಾಡುತ್ತಾರೆ. ಮೊದಲು ಬಂದ ಉತ್ತರದಲ್ಲಿ ತಪ್ಪೇನೂ ಇಲ್ಲ. ಎರಡೂ ಬೇರೆ ಬೇರೆ ತುಂಡಿನ ಮೇಲಿವೆ, ನಡುವೆ x = 3ರ ಗೆರೆ ಇದೆ. ಒಂದು ತುಂಡಿನ ತುದಿಯನ್ನು ಇನ್ನೊಂದರ ತಳಕ್ಕೆ ಹೋಲಿಸಬೇಕಾದ್ದೇ ಇಲ್ಲ.

ಇನ್ನೊಂದು ಅಭ್ಯಾಸಬಲದ ತಪ್ಪೂ ಇದೆ. −1 ಮತ್ತು 2ರ ನಡುವೆ ವಕ್ರರೇಖೆ ಏರಿ ಇಳಿಯುತ್ತದೆ ಅಲ್ವಾ, ಹಾಗಾದರೆ ತುದಿ ಸರಿಯಾಗಿ ಮಧ್ಯದಲ್ಲಿ, 0.5ರಲ್ಲಿ ಅಂತ ಗುರುತು ಹಾಕುತ್ತಾರೆ. ಅದು ಪ್ಯಾರಾಬೋಲಾದ ಗುಣ, ಇದರದ್ದಲ್ಲ. 0.5 ಹಾಕಿ ನೋಡಿ, y = 0.9. ತುದಿಯ ಎತ್ತರ 1.

ತಿರುವು ಬಿಂದುಗಳಿಗೆ ನನಗೆ ಇಷ್ಟವಾದ ತಾಳೆ ಎರಡು. ಒಂದು, ಎರಡೂ ಬಿಂದುಗಳ ಮಧ್ಯಬಿಂದು ಕಂಡುಹಿಡಿಯಿರಿ: (3, 5). ಎರಡು ಅಸಿಂಪ್ಟೋಟ್‌ಗಳು ಸೇರುವುದೂ ಅಲ್ಲೇ. ಈ ವಕ್ರರೇಖೆ ಆ ಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿದರೂ ಹಾಗೇ ಇರುತ್ತದೆ, ಹಾಗಾಗಿ ಈ ಹೊಂದಾಣಿಕೆ ಬರಲೇಬೇಕು. ಆದರೆ ಅಂಶ ವರ್ಗ ಬಹುಪದಿ, ಛೇದ ರೇಖೀಯ ಆಗಿದ್ದಾಗ ಮಾತ್ರ ಇದನ್ನು ನಂಬಿ.

ಎರಡನೆಯದಕ್ಕೆ ಡೆರಿವೇಟಿವ್ ಬೇಕಿಲ್ಲ. y ಜಾಗದಲ್ಲಿ k ಇಟ್ಟು ಅಡ್ಡಗುಣಾಕಾರ ಮಾಡಿ:

x² − (k + 1)x + (3k − 2) = 0

ಇದರ ಶೋಧಕ k² − 10k + 9, ಅಂದರೆ (k − 1)(k − 9). k ಒಂದು ಮತ್ತು ಒಂಬತ್ತರ ನಡುವೆ ಇದ್ದಾಗ ಶೋಧಕ ಋಣ, x ಸಿಗುವುದಿಲ್ಲ. y = 1 ಮತ್ತು y = 9 ನಡುವಿನ ಪಟ್ಟಿ ಪೂರ್ತಿ ಖಾಲಿ ಇರಬೇಕು. ಡೆರಿವೇಟಿವ್ ಕೊಟ್ಟ ಎತ್ತರಗಳೂ ಅವೇ. ಎರಡು ಬೇರೆ ದಾರಿಯಲ್ಲಿ ಒಂದೇ ಸಂಖ್ಯೆ ಬಂದರೆ ಆ ಭಾಗವನ್ನು ಮತ್ತೆ ಕೆದಕುವುದು ಬೇಡ.

ಅಂಶ, ಛೇದ ಎರಡೂ ವರ್ಗ ಬಹುಪದಿಯಾದರೆ ಮಧ್ಯಬಿಂದುವಿನ ತಾಳೆ ಕೈಕೊಡಬಹುದು, k ದಾರಿ ಮಾತ್ರ ನಡೆಯುತ್ತದೆ. ಅಲ್ಲಿ x²ರ ಗುಣಕ ಸೊನ್ನೆಯಾಗುವ k ಬೆಲೆಯನ್ನು ಬೇರೆಯಾಗಿ ನೋಡಿ, ಅದೇ ಅಡ್ಡ ಅಸಿಂಪ್ಟೋಟ್. ಉದಾಹರಣೆಗೆ y = (x² − 4)/(x² − 2x − 3)ರಲ್ಲಿ k = 1 ಇಟ್ಟರೆ x = 1/2 ಸಿಗುತ್ತದೆ. ಅಂದರೆ ವಕ್ರರೇಖೆ y = 1 ಗೆರೆಯನ್ನು ಅಲ್ಲಿ ದಾಟುತ್ತದೆ. ಅಸಿಂಪ್ಟೋಟ್ ದಾಟಬಾರದು ಅಂತ ಇದನ್ನು ಅಳಿಸಿದವರಿಗೆ ಅಂಕ ಹೋಗುತ್ತದೆ. ಯಾವ ಫಂಕ್ಷನ್‌ನಲ್ಲೂ ದಾಟಲಾಗದಿರುವುದು ಲಂಬ ಗೆರೆಗಳನ್ನು ಮಾತ್ರ.