ಅಡ್ಡ ಮಲಗಿದ ಕಾಲುವೃತ್ತದ ಸರಳು: ತುದಿಯ ಭಾರಕ್ಕೆ ಬೆಂಡಿಂಗ್ ಮೊಮೆಂಟ್ ಎಷ್ಟು, ಟಾರ್ಕ್ ಎಷ್ಟು?

ಬೆಳಗಾವಿಯ ಉದ್ಯಮಬಾಗದ ಯಾವುದಾದರೂ ವರ್ಕ್‌ಶಾಪಿನ ಗೋಡೆಯನ್ನು ನೆನೆದುಕೊಳ್ಳಿ. ಗೋಡೆ ಪಶ್ಚಿಮಕ್ಕಿದೆ. ಅದರಿಂದ ಒಂದು ದುಂಡು ಉಕ್ಕಿನ ಸರಳು ನೇರ ಪೂರ್ವಕ್ಕೆ ಹೊರಟು, ನೆಲಕ್ಕೆ ಸಮಾಂತರವಾಗಿಯೇ ನಿಧಾನವಾಗಿ ದಕ್ಷಿಣಕ್ಕೆ ತಿರುಗಿ, ಕಾಲುವೃತ್ತ ಮುಗಿಸಿ ನಿಂತಿದೆ. ಗೋಡೆಯಲ್ಲಿ ಬಿಗಿಯಾದ ತುದಿ A, ಗಾಳಿಯಲ್ಲಿರುವ ತುದಿ B, ವೃತ್ತದ ಕೇಂದ್ರ O, ತ್ರಿಜ್ಯ R. B ತುದಿಗೆ P ಎಂಬ ಭಾರವನ್ನು ನೇರ ಕೆಳಕ್ಕೆ ತೂಗುಹಾಕಿದ್ದಾರೆ. ಸರಳಿನ ಪ್ರತಿಯೊಂದು ಅಡ್ಡಕೊಯ್ತದಲ್ಲೂ ಬೆಂಡಿಂಗ್ ಮೊಮೆಂಟ್ ಎಷ್ಟು, ಟಾರ್ಕ್ ಎಷ್ಟು ಎಂಬುದು ಪ್ರಶ್ನೆ.

ಈ ಲೆಕ್ಕದಲ್ಲಿ ಸೂತ್ರ ಬಾಯಿಪಾಠ ಮಾಡಿದವರಿಗೆ sin ಎಲ್ಲಿ, 1 − cos ಎಲ್ಲಿ ಎಂಬುದು ಪರೀಕ್ಷೆಯ ಹೊತ್ತಿಗೆ ಅದಲುಬದಲಾಗುತ್ತದೆ. ಆದ್ದರಿಂದ ಸೂತ್ರವನ್ನು ಬದಿಗಿಟ್ಟು ಮೊದಲು ಗೋಡೆಯ ಹತ್ತಿರ ನಿಂತು ನೋಡೋಣ. A ಬಿಂದುವಿನಿಂದ ಭಾರ ಎಷ್ಟು ದೂರದಲ್ಲಿದೆ? ಪೂರ್ವಕ್ಕೆ R, ದಕ್ಷಿಣಕ್ಕೆ R. A ಯಲ್ಲಿ ಸರಳು ಪೂರ್ವದಿಕ್ಕಿನಲ್ಲಿ ಹೋಗುತ್ತಿದೆ. ಸರಳಿನ ಉದ್ದಕ್ಕೆ ಅಳೆದ ದೂರ ಅದನ್ನು ಬಾಗಿಸುತ್ತದೆ, ಏಕೆಂದರೆ ಅದು ಸಾಮಾನ್ಯ ಕ್ಯಾಂಟಿಲಿವರಿನ ದೂರವೇ. ಸರಳಿನಿಂದ ಪಕ್ಕಕ್ಕೆ ಅಳೆದ ದೂರ ಅದನ್ನು ತಿರುಚುತ್ತದೆ. ಹಾಗಾಗಿ ಗೋಡೆಯಲ್ಲಿ ಬೆಂಡಿಂಗ್ ಮೊಮೆಂಟ್ PR, ಟಾರ್ಕ್ ಕೂಡ PR. ಎರಡೂ ಸಮ.

ಇದೇ ಮಾತನ್ನು ಯಾವ ಅಡ್ಡಕೊಯ್ತಕ್ಕಾದರೂ ಹೇಳಬಹುದು. ಸರಳಿನ ಮೇಲೆ C ಎಂಬ ಬಿಂದು ತೆಗೆದುಕೊಳ್ಳಿ. OB ಮತ್ತು OC ನಡುವಿನ ಕೋನ θ ಇರಲಿ. ಅಂದರೆ θ ಯನ್ನು ಭಾರವಿರುವ ತುದಿಯಿಂದ ಅಳೆಯುತ್ತಿದ್ದೇವೆ. C ಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯಿರಿ. B ಯಿಂದ ಆ ಸ್ಪರ್ಶಕಕ್ಕೆ ಲಂಬ ಇಳಿಸಿ, ಅದು ತಾಗುವ ಬಿಂದುವಿಗೆ D ಎಂದು ಹೆಸರಿಡಿ. ಈಗ CD ಸರಳಿನ ದಿಕ್ಕಿನಲ್ಲಿರುವ ದೂರ, BD ಪಕ್ಕದ ದೂರ. ಬೆಂಡಿಂಗಿಗೆ CD, ಟಾರ್ಕಿಗೆ BD. ಇಷ್ಟನ್ನು ಚಿತ್ರದಲ್ಲಿ ಕಂಡರೆ ಉಳಿದದ್ದು ಪ್ರೌಢಶಾಲೆಯ ರೇಖಾಗಣಿತ.

C ಮತ್ತು B ಸೇರಿಸುವ ಜ್ಯಾದ ಉದ್ದ 2R sin(θ/2). ಸ್ಪರ್ಶಕಕ್ಕೂ ಜ್ಯಾಕ್ಕೂ ನಡುವಿನ ಕೋನ θ/2. ಆದ್ದರಿಂದ

CD = 2R sin(θ/2) cos(θ/2) = R sin θ

BD = 2R sin(θ/2) sin(θ/2) = R(1 − cos θ)

ಎರಡನ್ನೂ P ಯಿಂದ ಗುಣಿಸಿದರೆ ಉತ್ತರ:

M = PR sin θ

T = PR(1 − cos θ)

ಶಿಯರ್ ಫೋರ್ಸ್ ಎಲ್ಲ ಕಡೆ P. ಕೋನವನ್ನು ಗೋಡೆಯ ಕಡೆಯಿಂದ φ ಎಂದು ಅಳೆದರೆ ಇದೇ ಉತ್ತರ M = PR cos φ, T = PR(1 − sin φ) ಎಂದಾಗುತ್ತದೆ. ಎರಡು ಪುಸ್ತಕಗಳಲ್ಲಿ ಎರಡು ಬಗೆಯ ಉತ್ತರ ಕಂಡರೆ ಗಾಬರಿಯಾಗದೆ, ಕೋನ ಎಲ್ಲಿಂದ ಶುರುವಾಗಿದೆ ಎಂದು ಮೊದಲು ನೋಡಿ.

ಸೂತ್ರ ಸರಿಯಿದೆಯೇ ಎಂದು ತಿಳಿಯಲು ನಾನು ಹೆಚ್ಚು ನಂಬುವ ಪರೀಕ್ಷೆ ಮುಕ್ತ ತುದಿಯ ಹತ್ತಿರದ್ದು. ತುದಿಯಿಂದ s ನಷ್ಟು ಸಣ್ಣ ದೂರ ಒಳಗೆ ಬಂದರೆ ಸರಳು ಇನ್ನೂ ಬಹುತೇಕ ನೇರವಾಗಿಯೇ ಇರುತ್ತದೆ. ಆಗ ಅದು ನೇರ ಕ್ಯಾಂಟಿಲಿವರಿನಂತೆ ವರ್ತಿಸಬೇಕು: ಮೊಮೆಂಟ್ ಸುಮಾರು Ps, ಟಾರ್ಕ್ ಇಲ್ಲವೆನ್ನುವಷ್ಟು ಕಡಿಮೆ. θ = s/R ಎಂದು ಹಾಕಿ ನೋಡಿ. sin θ ಸುಮಾರು s/R ಆಗಿ M = Ps ಬರುತ್ತದೆ. 1 − cos θ ಸುಮಾರು s²/2R² ಆಗಿ T = Ps²/2R ಬರುತ್ತದೆ, ಇದು s ಗಿಂತ ಬೇಗ ಸೊನ್ನೆಗೆ ಇಳಿಯುತ್ತದೆ. M ಮತ್ತು T ಅದಲುಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತವೆ. ಗೋಡೆಯಲ್ಲಿ ಎರಡೂ PR ಆಗಿರುವುದರಿಂದ ಅಲ್ಲಿ ಮಾತ್ರ ಪರೀಕ್ಷಿಸಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು ಕಂಸದ ಉದ್ದವನ್ನೇ ತೋಳು ಎಂದುಕೊಳ್ಳುವುದು. ಸರಳಿನ ಉದ್ದ πR/2, ಆದ್ದರಿಂದ ಗೋಡೆಯಲ್ಲಿ ಮೊಮೆಂಟ್ 1.57PR ಎಂದು ಬರೆದರೆ ಬೆಂಡಿಂಗ್ ಶೇ. 57 ಹೆಚ್ಚಾಗುತ್ತದೆ, ಟಾರ್ಕ್ ಪೂರ್ತಿ ಮರೆಯಾಗುತ್ತದೆ. ಮೊಮೆಂಟಿಗೆ ಬೇಕಾದದ್ದು ಬಲದ ರೇಖೆಯಿಂದ ಅಕ್ಷಕ್ಕಿರುವ ಲಂಬದೂರ. ಸರಳು ಯಾವ ದಾರಿ ಹಿಡಿದು ಅಲ್ಲಿಗೆ ತಲುಪಿತು ಎಂಬುದರಿಂದ ಈ ದೂರ ಬದಲಾಗುವುದಿಲ್ಲ.

ಈಗ ಈ ಲೆಕ್ಕದ ನಿಜವಾದ ಸ್ವಾರಸ್ಯಕ್ಕೆ ಬರೋಣ. ತುದಿಯಲ್ಲಿ ಕೇವಲ ಭಾರವಿದೆ. ಯಾರೂ ಸರಳನ್ನು ಹಿಡಿದು ತಿರುಚುತ್ತಿಲ್ಲ. ಹಾಗಾದರೆ ಟಾರ್ಕ್ ಎಲ್ಲಿಂದ ಬಂತು? ಉತ್ತರಕ್ಕಾಗಿ ಕಾಲುವೃತ್ತದ ಬದಲು L ಆಕಾರದ ಸರಳನ್ನು ಊಹಿಸಿ: ಗೋಡೆಯಿಂದ ಪೂರ್ವಕ್ಕೆ R, ಅಲ್ಲಿಂದ ಲಂಬಕೋನದಲ್ಲಿ ದಕ್ಷಿಣಕ್ಕೆ R. ಭಾರದ ತುದಿಯಿಂದ ಮೂಲೆಯವರೆಗೆ ಬರೀ ಬೆಂಡಿಂಗ್; ಅದು ಸೊನ್ನೆಯಿಂದ PR ವರೆಗೆ ಏರುತ್ತದೆ. ಮೂಲೆ ದಾಟಿದ ಕೂಡಲೇ ಅದೇ PR ಟಾರ್ಕ್ ಎನಿಸಿಕೊಳ್ಳುತ್ತದೆ, ಏಕೆಂದರೆ ಮೊಮೆಂಟ್ ಬದಲಾಗಿಲ್ಲ, ಸರಳಿನ ದಿಕ್ಕು ಬದಲಾಗಿದೆ. ಎರಡನೆಯ ತೋಳಿನಲ್ಲಿ ಟಾರ್ಕ್ PR ಆಗಿಯೇ ಉಳಿಯುತ್ತದೆ, ಬೆಂಡಿಂಗ್ ಮತ್ತೆ ಸೊನ್ನೆಯಿಂದ ಶುರುವಾಗಿ ಗೋಡೆಯಲ್ಲಿ PR ಮುಟ್ಟುತ್ತದೆ. ಕೊನೆಯ ಲೆಕ್ಕ ಕಾಲುವೃತ್ತದ್ದೇ.

L ನಲ್ಲಿ ಒಂದೇ ಮೂಲೆಯಲ್ಲಿ ಆಗುವ ಈ ಬದಲಾವಣೆ ಕಾಲುವೃತ್ತದಲ್ಲಿ ಪ್ರತಿ ಸಣ್ಣ ತುಂಡಿನಲ್ಲೂ ಸ್ವಲ್ಪ ಸ್ವಲ್ಪ ಆಗುತ್ತದೆ. ಸರಳು dθ ನಷ್ಟು ತಿರುಗಿದಾಗ ಬೆಂಡಿಂಗಿನ M dθ ಪಾಲು ಟಾರ್ಕಿಗೆ ಸೇರುತ್ತದೆ, ಟಾರ್ಕಿನ T dθ ಪಾಲು ಬೆಂಡಿಂಗನ್ನು ಕಡಿಮೆ ಮಾಡುತ್ತದೆ. ಬರೆದರೆ

dT/dθ = M

dM/dθ = PR − T

ನಮ್ಮ ಉತ್ತರಗಳನ್ನು ಡಿಫರೆನ್ಷಿಯೇಟ್ ಮಾಡಿ ನೋಡಿ, ಎರಡೂ ಸರಿಹೊಂದುತ್ತವೆ. ಎರಡನೆಯ ಸಮೀಕರಣದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ನೇರ ಬೀಮಿನಲ್ಲಿ ಮೊಮೆಂಟ್ ಚಿತ್ರದ ಇಳಿಜಾರು ಶಿಯರ್ ಫೋರ್ಸಿಗೆ ಸಮ ಎಂದು ಕಲಿತಿದ್ದೇವೆ. ಇಲ್ಲಿ ಅದು ನಿಲ್ಲುವುದಿಲ್ಲ: dM/ds = P − T/R. ಗೋಡೆಯಲ್ಲಿ T = PR ಆದ್ದರಿಂದ ಇಳಿಜಾರು ಸೊನ್ನೆ, ಆದರೆ ಶಿಯರ್ ಅಲ್ಲೂ P ಯೇ. ಮೊಮೆಂಟ್ ಚಿತ್ರ ಗೋಡೆಯ ಬಳಿ ಚಪ್ಪಟೆಯಾಗುವುದನ್ನು ಕಂಡು ಶಿಯರ್ ಸೊನ್ನೆ ಎಂದು ಬರೆದರೆ ಅದು ತಪ್ಪು.

ಸಂಖ್ಯೆ ಹಾಕೋಣ. P = 200 N, ಅಂದರೆ ಸುಮಾರು 20 ಕಿಲೋ ತೂಕ. R = 400 mm, ಸರಳಿನ ವ್ಯಾಸ d = 25 mm. PR = 80 N·m. ತುದಿಯಿಂದ 30° ಯಲ್ಲಿ M = 40, T = 10.7 N·m. 60° ಯಲ್ಲಿ M = 69.3, T = 40. ಗೋಡೆಯಲ್ಲಿ ಎರಡೂ 80. ಮೊದಲರ್ಧದಲ್ಲಿ ಬೆಂಡಿಂಗ್ ಬೇಗ ಏರುತ್ತದೆ, ಟಾರ್ಕ್ ಹಿಂದೆ ಉಳಿಯುತ್ತದೆ. ಕೊನೆಯ 30° ಯಲ್ಲಿ ಬೆಂಡಿಂಗ್ ಹೆಚ್ಚೇನೂ ಏರುವುದಿಲ್ಲ, ಟಾರ್ಕ್ ಮಾತ್ರ ಎರಡು ಪಟ್ಟಾಗುತ್ತದೆ.

ಗೋಡೆಯ ಅಡ್ಡಕೊಯ್ತದಲ್ಲಿ ಬೆಂಡಿಂಗ್ ಸ್ಟ್ರೆಸ್ 32M/πd³ = 52.2 MPa, ಮೇಲಿನ ಅಂಚಿನಲ್ಲಿ ಎಳೆತ, ಕೆಳಗಿನ ಅಂಚಿನಲ್ಲಿ ಒತ್ತುವಿಕೆ. ಟಾರ್ಕಿನ ಶಿಯರ್ ಸ್ಟ್ರೆಸ್ 16T/πd³ = 26.1 MPa, ಸುತ್ತಲಿನ ಅಂಚಿನಲ್ಲೆಲ್ಲ ಒಂದೇ. ಹಾಗಾಗಿ ಎರಡೂ ಕೂಡಿ ಹೆಚ್ಚು ಕಾಡುವುದು ಮೇಲಿನ ಮತ್ತು ಕೆಳಗಿನ ಬಿಂದುಗಳಲ್ಲಿ. ಅಲ್ಲಿ ಗರಿಷ್ಠ ಶಿಯರ್ ಸ್ಟ್ರೆಸ್ 36.9 MPa, ದೊಡ್ಡ ಪ್ರಿನ್ಸಿಪಲ್ ಸ್ಟ್ರೆಸ್ 63 MPa. ನೇರ ಶಿಯರ್ ಫೋರ್ಸಿನಿಂದ ಬರುವ ಸ್ಟ್ರೆಸ್ ಹೆಚ್ಚೆಂದರೆ 0.54 MPa, ಅದನ್ನು ಬಿಡಬಹುದು. ಬೆಂಡಿಂಗ್ ಒಂದನ್ನೇ ಲೆಕ್ಕ ಹಾಕಿ 52 ಎಂದು ನಿಲ್ಲಿಸಿದವರು 63 ನ್ನು ಕಾಣುವುದೇ ಇಲ್ಲ.

ಬಾಗಿದ ಸರಳು ಎಂದ ಮೇಲೆ ಕ್ರೇನ್ ಕೊಕ್ಕೆಗೆ ಬಳಸುವ ವಿಂಕ್ಲರ್–ಬಾಖ್ ಸೂತ್ರ ಬೇಡವೇ ಎಂದು ಕೇಳುವವರಿದ್ದಾರೆ. ಅದು ವಕ್ರತೆಯ ಸಮತಲದಲ್ಲೇ ಬಾಗುವ ಸರಳಿಗೆ. ನಮ್ಮ ಸರಳು ಮಲಗಿದೆ, ಬಾಗುತ್ತಿರುವುದು ಲಂಬ ಸಮತಲದಲ್ಲಿ. ಮೇಲಾಗಿ R ಇಲ್ಲಿ d ಯ 16 ಪಟ್ಟು ಇರುವುದರಿಂದ ಸಾಮಾನ್ಯ ಸೂತ್ರಗಳು ಸಾಕು.

ತುದಿ ಎಷ್ಟು ಇಳಿಯುತ್ತದೆ ಎಂಬುದನ್ನೂ M, T ಗಳಿಂದಲೇ ಪಡೆಯಬಹುದು. ಕಾಸ್ಟಿಲ್ಯಾನೊ ವಿಧಾನದಲ್ಲಿ ಸರಳಿನಲ್ಲಿ ಸಂಗ್ರಹವಾದ ಶಕ್ತಿಯನ್ನು P ಯ ಮೇಲೆ ಡಿಫರೆನ್ಷಿಯೇಟ್ ಮಾಡಿದರೆ

δ = PR³ [ (π/4)/EI + (3π/4 − 2)/GJ ]

E = 200 GPa, G = 80 GPa ಎಂದು ಹಾಕಿದರೆ ಬೆಂಡಿಂಗಿನ ಪಾಲು 2.62 mm, ತಿರುಚಿನ ಪಾಲು 1.49 mm, ಒಟ್ಟು 4.1 mm. ಮೂರನೆಯ ಒಂದಕ್ಕಿಂತ ಹೆಚ್ಚು ಇಳಿತ ತಿರುಚಿನಿಂದಲೇ ಬಂದಿದೆ.

ದುಂಡು ಸರಳಿಗೆ J ಎಂದರೆ 2I, ಆದ್ದರಿಂದ ತಿರುಚಿನ ಪಾಲು ಹದ್ದಿನಲ್ಲಿದೆ. ಇದೇ ಕಾಲುವೃತ್ತವನ್ನು ಆ್ಯಂಗಲ್ ಅಥವಾ ಚಾನೆಲ್‌ನಿಂದ ಮಾಡಿದರೂ M ಮತ್ತು T ಇವೇ, ಏಕೆಂದರೆ ಅವು ಸಮತೋಲನದಿಂದ ಬಂದವು. ಅಡ್ಡಕೊಯ್ತದ ಆಕಾರವನ್ನು ನಾವು ಎಲ್ಲೂ ಬಳಸಿಲ್ಲ. ಭಾರದ ರೇಖೆ ಆ ಅಡ್ಡಕೊಯ್ತದ ಶಿಯರ್ ಸೆಂಟರಿನ ಮೂಲಕ ಹಾಯುವಂತಿರಬೇಕು, ಇಲ್ಲದಿದ್ದರೆ ಹೆಚ್ಚಿನ ಟಾರ್ಕ್ ಸೇರಿಕೊಳ್ಳುತ್ತದೆ. ಬದಲಾಗುವುದು J. ತೆರೆದ ತೆಳು ಅಡ್ಡಕೊಯ್ತಗಳಲ್ಲಿ ಅದು I ಗಿಂತ ಬಹಳ ಚಿಕ್ಕದು, ಆಗ ಸೂತ್ರದ ಎರಡನೆಯ ಪದ ಮೊದಲನೆಯದನ್ನು ನುಂಗುವಷ್ಟು ಬೆಳೆಯುತ್ತದೆ. ಅಂಥ ಕಡೆ ದುಂಡು ಪೈಪು ಅಥವಾ ಚೌಕ ಪೈಪು ಹಾಕುವುದೇ ಸರಿ.