ಕಡ್ಡಿಪುಡಿ ಇಡುವ ಜಾಗವನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ

ಹೊಗೆಸೊಪ್ಪು ಹಾಕುವವರು ಬಾಯಿ ತೋರಿಸಲು ನನ್ನ ಹತ್ತಿರ ಬಂದರೆ ಎಷ್ಟು ಹಾಕ್ತೀರಿ ಅಂತ ನಾನು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು ಎಲ್ಲಿ ಇಡ್ತೀರಿ ಅಂತ. ಹೆಚ್ಚಿನವರಿಗೆ ಬಾಯಲ್ಲಿ ಒಂದು ಖಾಯಂ ಜಾಗ ಇರುತ್ತದೆ. ಕೆಲವರಿಗೆ ಅದು ಕೆಳತುಟಿಯ ಹಿಂದೆ, ಕೆಲವರಿಗೆ ಎಡ ಅಥವಾ ಬಲ ಕೆನ್ನೆಗೂ ಒಸಡಿಗೂ ನಡುವಿನ ಸಂದಿಯಲ್ಲಿ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಎಲ್ಲಾ ಸೇರಿಸಿ ಜಗಿದು ಆ ಉಂಡೆಯನ್ನು ಅಲ್ಲಿ ಒತ್ತರಿಸಿ ಇಟ್ಟುಬಿಡುತ್ತಾರೆ, ರಾತ್ರಿ ಹಾಗೇ ಇಟ್ಟುಕೊಂಡು ಮಲಗುವವರೂ ಇದ್ದಾರೆ. ಬಾಯಿ ಕೆಡುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ಕೆನ್ನೆಯ ಒಳಭಾಗ ಮತ್ತು ಕೆಳ ಒಸಡಿನ ಕ್ಯಾನ್ಸರ್ ಇಷ್ಟೊಂದು ಕಾಣುವುದಕ್ಕೆ ಕಾರಣ ಇದೇ.

ಕೆನ್ನೆಯ ಒಳಗಿನ ಚರ್ಮ ತೀರಾ ಮೆತ್ತಗಿರುತ್ತದೆ. ಕೈಕಾಲಿನ ಚರ್ಮದ ಮೇಲಿರುವಂಥ ಒರಟು ಪದರ ಅದಕ್ಕಿಲ್ಲ. ಅಲ್ಲಿ ದಿನಕ್ಕೆ ಗಂಟೆಗಟ್ಟಲೆ ತಂಬಾಕು ಕೂತಿರುತ್ತದೆ, ಜೊತೆಗೆ ಸುಣ್ಣ ಆ ಚರ್ಮವನ್ನು ಸುಡುತ್ತಾ ಇರುತ್ತದೆ. ಆಗ ದೇಹ ತನ್ನನ್ನು ಕಾಪಾಡಿಕೊಳ್ಳಲು ಅಲ್ಲಿನ ಚರ್ಮವನ್ನು ದಪ್ಪ ಮಾಡುತ್ತದೆ. ತುಂಬಾ ಹೊತ್ತು ಬಟ್ಟೆ ಒಗೆದ ಕೈ ಹೇಗೆ ಬೆಳ್ಳಗೆ ಸುಕ್ಕಾಗುತ್ತದೋ, ಎಂಜಲಲ್ಲಿ ನೆನೆದ ಆ ದಪ್ಪ ಚರ್ಮವೂ ಹಾಗೇ ಕಾಣುತ್ತದೆ. ಬಿಳಿ ಮಚ್ಚೆ ಅಂದರೆ ಮೊದಲ ಹಂತದಲ್ಲಿ ಇಷ್ಟೇ.

ಈ ಹಂತದಲ್ಲಿ ಮಾಡಬೇಕಾದದ್ದು ಬಹಳ ಸರಳ. ಬಾಯಿ ಮುಕ್ಕಳಿಸಿ, ಒಂದು ಹತ್ತಿಬಟ್ಟೆಯಿಂದ ಆ ಜಾಗವನ್ನು ಒರೆಸಿ. ಊಟದ ಕಿಟ್ಟವೋ ಸುಣ್ಣವೋ ಆಗಿದ್ದರೆ ಹೋಗುತ್ತದೆ. ಒರೆಸಿದರೂ ಹೋಗದಿದ್ದರೆ ಅದು ಚರ್ಮದ್ದೇ ಬದಲಾವಣೆ. ಅವತ್ತಿಂದ ತಂಬಾಕು ಪೂರ್ತಿ ನಿಲ್ಲಿಸಿ, ದಂತವೈದ್ಯರಿಗೆ ಒಮ್ಮೆ ತೋರಿಸಿ. ಸುಮ್ನೆ ದಪ್ಪಗಾದ ಚರ್ಮವಾಗಿದ್ದರೆ ಕೆಲವೇ ವಾರಗಳಲ್ಲಿ ತಾನಾಗೇ ತಿಳಿಯಾಗುತ್ತದೆ. ನಿಲ್ಲಿಸಿದ ಮೇಲೂ ಹಾಗೇ ಉಳಿದರೆ ಪರೀಕ್ಷೆಗೆ ಚೂರು ತೆಗೆಯಬೇಕಾಗುತ್ತದೆ. ಇಲ್ಲಿ ಒಂದು ತಂತ್ರ ಬಹಳ ಜನ ಮಾಡುತ್ತಾರೆ: ತಂಬಾಕು ಬಿಡುವುದಿಲ್ಲ, ಎಡಗಡೆಯಿಂದ ಬಲಗಡೆಗೆ ಬದಲಾಯಿಸುತ್ತಾರೆ. ಎಡಗಡೆ ಸ್ವಲ್ಪ ತಿಳಿಯಾಗಿ ಖುಷಿಯಾಗುತ್ತದೆ, ಆದರೆ ಆರು ತಿಂಗಳಿಗೆ ಬಲಗಡೆಯೂ ಬೆಳ್ಳಗಾಗಿರುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬಿಳಿಗಿಂತ ಜಾಸ್ತಿ ಕೆಂಪು. ಬಿಳಿ ಮಚ್ಚೆಯ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದಿದ್ದರೆ, ಅಥವಾ ಮಖಮಲ್ಲಿನಂಥ ನಯವಾದ ಕೆಂಪು ಪಟ್ಟಿಯೊಂದೇ ಇದ್ದರೆ, ಅದನ್ನು ಕಾಯ್ದು ನೋಡುವ ಮಾತೇ ಇಲ್ಲ. ಅಂಥ ಕೆಂಪು ಮಚ್ಚೆಗಳನ್ನು ಪರೀಕ್ಷಿಸಿದರೆ ಹೆಚ್ಚಿನವುಗಳಲ್ಲಿ ಕ್ಯಾನ್ಸರ್ ಆಗಲೇ ಶುರುವಾಗಿರುತ್ತದೆ, ಇಲ್ಲವೇ ಅದರ ಹೊಸ್ತಿಲಲ್ಲಿರುತ್ತದೆ. ಕಷ್ಟ ಏನೆಂದರೆ ಬಾಯಿ ಹೇಗಿದ್ದರೂ ಕೆಂಪಗೇ ಇರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ "ಉಷ್ಣ ಆಗಿದೆ" ಅಂತ ಎಳನೀರು ಕುಡಿದು ಬಿಡುತ್ತೇವೆ, ಅಲ್ವಾ?

ಒಬ್ಬರ ವಿಷಯ ಹೇಳುತ್ತೇನೆ. ಐವತ್ತು ದಾಟಿದ ಹೆಂಗಸು, ಕೂಲಿ ಕೆಲಸ, ಮದುವೆಯಾದಾಗಿನಿಂದ ಎಲೆಅಡಿಕೆ ಜೊತೆ ಕಡ್ಡಿಪುಡಿ. ಬಂದದ್ದು ಹಲ್ಲು ಜುಂ ಅನ್ನುತ್ತದೆ ಅಂತ. ಎಡ ಕೆನ್ನೆ ಎಳೆದು ನೋಡಿದರೆ ಕೆಳಗಿನ ದವಡೆ ಹಲ್ಲುಗಳ ಎದುರಿಗೆ ಸುಕ್ಕುಸುಕ್ಕಾದ ಬಿಳಿ ಪಟ್ಟಿ, ಅದರ ಹಿಂಬದಿಯ ಅಂಚಿನಲ್ಲಿ ತೊಗರಿಬೇಳೆಯಷ್ಟು ದೊಡ್ಡ ಕೆಂಪು ಜಾಗ.

"ಅಮ್ಮ, ಇದು ಎಷ್ಟು ದಿನದಿಂದ ಇದೆ?"

"ಯಾವ್ದು ಸಾರ್? ನೋವೇ ಇಲ್ವಲ್ಲ ಅಲ್ಲಿ."

ನೋವಿಲ್ಲ ಅನ್ನುವ ಈ ಮಾತು ವಾರಕ್ಕೆ ಹಲವು ಸಲ ಕೇಳುತ್ತೇನೆ. ಶುರುವಿನಲ್ಲಿ ಇವು ನೋಯುವುದೇ ಇಲ್ಲ. ಉರಿದು ನೋಯುವ ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ನೋಯದೆ ಸುಮ್ಮನೆ ಕೂತಿರುವುದನ್ನೇ ನಾವು ಅನುಮಾನಿಸಬೇಕು. ನೋವು ಬರುವ ಹೊತ್ತಿಗೆ ಅದು ಎಷ್ಟೋ ಸಲ ಆಳಕ್ಕೆ ಇಳಿದಿರುತ್ತದೆ.

ಕೈಗವಸು ಹಾಕಿ ಬೆರಳಲ್ಲಿ ಒತ್ತಿ ನೋಡಿದೆ. ಬಿಳಿ ಭಾಗ ಒರಟು, ಆದರೆ ಕೆಳಗೆ ಮೆತ್ತಗಿತ್ತು. ಕೆಂಪು ಭಾಗದ ಕೆಳಗೂ ಗಟ್ಟಿ ಏನೂ ಸಿಗಲಿಲ್ಲ. ಇದು ಒಳ್ಳೆಯ ಲಕ್ಷಣ. ಅಡಿಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ರೋಗ ಒಳಗೆ ಬೇರು ಬಿಟ್ಟಿದೆ ಅಂತಲೇ ಲೆಕ್ಕ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟು ಇರಲಿಲ್ಲ. ಬಯಾಪ್ಸಿ ಮಾಡಬೇಕು ಅಂದ ತಕ್ಷಣ ಜೊತೆಗೆ ಬಂದಿದ್ದ ಮಗಳು ಎದ್ದು ನಿಂತಳು. ಚೂರು ಕತ್ತರಿಸಿದರೆ ಹರಡುತ್ತದಂತೆ, ಊರಲ್ಲಿ ಒಬ್ಬರಿಗೆ ಹಾಗೇ ಆಯಿತಂತೆ. ಆ ಊರಿನವರು ಬಯಾಪ್ಸಿಗೆ ಬರುವಾಗಲೇ ಕಾಯಿಲೆ ಬಲಿತಿದ್ದಿರಬೇಕು, ಆದರೆ ದೂರು ಬಂದದ್ದು ಕತ್ತರಿಗೆ. ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹರಡುವುದಿಲ್ಲ. ಹಲ್ಲು ಕೀಳುವಾಗ ಕೊಡುವಂಥದ್ದೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ತೆಗೆದು, ಒಂದೋ ಎರಡೋ ಹೊಲಿಗೆ ಹಾಕುತ್ತೇವೆ. ಅವತ್ತೇ ಮನೆಗೆ ಹೋಗಬಹುದು.

ಚೂರನ್ನು ಎಲ್ಲಿಂದ ತೆಗೆಯುತ್ತೇವೆ ಅನ್ನುವುದು ಮುಖ್ಯ. ದೊಡ್ಡದಾಗಿ ಕಾಣುವುದು ಬಿಳಿ ಭಾಗವಾದರೂ ಅಲ್ಲಿಂದ ಮಾತ್ರ ತೆಗೆದರೆ ವರದಿ "ಏನೂ ತೊಂದರೆ ಇಲ್ಲ" ಅಂತ ಬಂದುಬಿಡಬಹುದು, ರೋಗ ಪಕ್ಕದ ಕೆಂಪಿನಲ್ಲಿ ಕೂತಿರುತ್ತದೆ. ಈ ಅಮ್ಮನಿಗೆ ಎರಡೂ ಕಡೆಯಿಂದ ತೆಗೆದೆವು. ಬಿಳಿ ಭಾಗದಲ್ಲಿ ಬರೀ ದಪ್ಪಗಾದ ಚರ್ಮ. ಕೆಂಪು ಭಾಗದಲ್ಲಿ ತೀವ್ರ ಡಿಸ್‌ಪ್ಲೇಸಿಯಾ. ಅಂದರೆ ಜೀವಕೋಶಗಳು ಬಹುತೇಕ ಮೇಲಿನ ಪದರದವರೆಗೂ ಕೆಟ್ಟಿವೆ, ಆದರೆ ಚರ್ಮದ ತಳ ದಾಟಿ ಒಳಗೆ ಇನ್ನೂ ನುಗ್ಗಿಲ್ಲ. ತಳ ದಾಟಿದರೆ ಅದಕ್ಕೆ ಕ್ಯಾನ್ಸರ್ ಅನ್ನುತ್ತೇವೆ. ಮಚ್ಚೆಯನ್ನು ಸುತ್ತಲಿನ ಸ್ವಲ್ಪ ಚೆನ್ನಾಗಿರುವ ಚರ್ಮದ ಸಮೇತ ತೆಗೆಸಿ, ಪೂರ್ತಿ ತುಣುಕನ್ನು ಮತ್ತೆ ಪರೀಕ್ಷೆಗೆ ಕಳಿಸಿದೆವು. ಒಳಗೆ ಎಲ್ಲೂ ಕ್ಯಾನ್ಸರ್ ಸಿಗಲಿಲ್ಲ. ರೇಡಿಯೇಷನ್ ಬೇಕಾಗಲಿಲ್ಲ, ದವಡೆ ಉಳಿಯಿತು. ಹಾಗಂತ ಅವರಿಗೆ ಕೆಲಸ ಮುಗಿಯಲಿಲ್ಲ. ಮೂರು ತಿಂಗಳಿಗೊಮ್ಮೆ ಬರಬೇಕು, ಯಾಕೆಂದರೆ ವರ್ಷಗಟ್ಟಲೆ ತಂಬಾಕಿನಲ್ಲಿ ನೆನೆದ ಬಾಯಲ್ಲಿ ಇನ್ನೊಂದು ಕಡೆ ಹೊಸದು ಏಳಬಹುದು.

ಇನ್ನು ಗುಟ್ಕಾ, ಪಾನ್ ಮಸಾಲ ಹಾಕುವ ಹುಡುಗರದ್ದು ಬೇರೆ ಕಥೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬಂತು, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರೆ ಅದೇ ಗುಟ್ಕಾ. ಇವರಿಗೆ ಮಚ್ಚೆಗಿಂತ ಮೊದಲು ಖಾರ ತಡೆಯದಂತಾಗುತ್ತದೆ. ಮನೆಯಲ್ಲಿ ಎಲ್ಲರೂ ಆರಾಮಾಗಿ ಉಣ್ಣುವ ಸಾರು ಇವನಿಗೆ ಮಾತ್ರ ಉರಿ. ಅಮ್ಮನ ಅಡುಗೆಗೆ ಬೈಗುಳ, ಮೆಣಸಿನಕಾಯಿಗೆ ಬೈಗುಳ. ಕೆಲವು ತಿಂಗಳಾದ ಮೇಲೆ ಪಾನಿಪುರಿ ಇಡಿಯಾಗಿ ಬಾಯೊಳಗೆ ಹೋಗುವುದಿಲ್ಲ. ಎಷ್ಟೋ ಹುಡುಗರು ನಮ್ಮ ಹತ್ತಿರ ಬರುವುದು ಆ ಪಾನಿಪುರಿಯ ಕಾರಣಕ್ಕೇ.

ಇದರಲ್ಲಿ ಮುಖ್ಯ ಆರೋಪಿ ಅಡಿಕೆ. ತಂಬಾಕು ಇಲ್ಲದ ಬರೀ ಅಡಿಕೆ ಪುಡಿ, ಬರೀ ಪಾನ್ ಮಸಾಲ ಸಾಕು. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಿದರೆ ಬೇಜಾರಾಗುತ್ತದೆ ಅಂತ ಗೊತ್ತು, ಆದರೆ ನಿಜ ಅದೇ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಚರ್ಮದ ಕೆಳಗೆ ನಾರು ಬೆಳೆಸುತ್ತಾ ಹೋಗುತ್ತದೆ, ಹಳೆಯ ನಾರು ಕರಗುವುದೂ ಕಮ್ಮಿಯಾಗುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ದಾರ ಕಟ್ಟಿದಂತೆ ಸಿಗುತ್ತದೆ, ಚರ್ಮ ರಕ್ತವಿಲ್ಲದಂತೆ ಬಿಳಿಚಿಕೊಂಡಿರುತ್ತದೆ. ನಾಲಿಗೆ ಮೊದಲಿನಷ್ಟು ಹೊರಗೆ ಬರುವುದಿಲ್ಲ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು.

ಮನೆಯಲ್ಲೇ ಅಳೆಯಬಹುದು. ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ಬಾಯಿ ಆಗಲೇ ಕಟ್ಟಿಕೊಳ್ಳುತ್ತಿದೆ. ಈ ನಾರು ಚಟ ಬಿಟ್ಟರೂ ಪೂರ್ತಿ ಕರಗುವುದಿಲ್ಲ. ಬಿಟ್ಟರೆ ಬೆಳೆಯುವುದು ನಿಲ್ಲಬಹುದು, ಬಾಯಿ ತೆರೆಯುವ ವ್ಯಾಯಾಮ ಮತ್ತು ಇಂಜೆಕ್ಷನ್‌ನಿಂದ ಸ್ವಲ್ಪ ಸಡಿಲಾಗಬಹುದು. ಒಂದೇ ಬೆರಳು ಹಿಡಿಸುವ ಹಂತಕ್ಕೆ ಬಂದರೆ ಆಪರೇಷನ್ ಬಿಟ್ಟು ದಾರಿ ಕಮ್ಮಿ. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚು, ಮತ್ತು ಬಾಯಿ ತೆರೆಯದೇ ಇರುವುದರಿಂದ ಒಳಗೆ ಹಿಂಬದಿಯಲ್ಲಿ ಏನಾಗುತ್ತಿದೆ ಅಂತ ನಮಗೂ ಕಾಣಿಸುವುದಿಲ್ಲ.

ಹುಣ್ಣಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡು ವಾರ ದಾಟಿದರೂ ಅದೇ ಜಾಗದಲ್ಲಿ ಇದ್ದರೆ ತೋರಿಸಬೇಕು. ಚೂಪಾದ ಹಲ್ಲು ತಾಗಿ ಆಗಿದ್ದರೆ ಹಲ್ಲನ್ನು ಉಜ್ಜಿ ನಯ ಮಾಡಿ ಮತ್ತೆರಡು ವಾರಕ್ಕೆ ನೋಡುತ್ತೇವೆ, ಆಗಲೂ ವಾಸಿಯಾಗದಿದ್ದರೆ ಬಯಾಪ್ಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್ ಅಂತ ತಿಂಗಳುಗಟ್ಟಲೆ ಕಳೆಯುವವರು ಬಹಳ. ಜೆಲ್ ಹಚ್ಚಿದರೆ ಉರಿ ಕಮ್ಮಿಯಾಗುತ್ತದೆ, ಹುಣ್ಣು ಅಲ್ಲೇ ಇರುತ್ತದೆ.

ಜನ ಸುಲಭವಾಗಿ ಗಮನಿಸದೆ ಬಿಡುವ ಇನ್ನೊಂದು ಲಕ್ಷಣ ಅಲ್ಲಾಡುವ ಹಲ್ಲು. ಉಳಿದ ಹಲ್ಲೆಲ್ಲಾ ಗಟ್ಟಿ, ತಂಬಾಕು ಇಡುವ ಜಾಗದ ಪಕ್ಕದ ಒಂದೆರಡು ಮಾತ್ರ ಸಡಿಲ, ಸುತ್ತಲಿನ ಒಸಡು ಉಬ್ಬಿ ಮುಟ್ಟಿದರೆ ರಕ್ತ. ಅಂಥ ಹಲ್ಲನ್ನು ಸುಮ್ನೆ ಕಿತ್ತು ಹಾಕಿಸಬೇಡಿ. ಎಕ್ಸ್‌ರೇ ಆಗಬೇಕು, ಒಸಡಿನ ಚೂರು ಪರೀಕ್ಷೆಗೆ ಹೋಗಬೇಕು. ಕಿತ್ತ ಗುಂಡಿ ವಾರಗಳಾದರೂ ಮುಚ್ಚದೆ, ಒಳಗಿಂದ ಮಾಂಸ ಬೆಳೆದು ಬಂತು ಅಂತ ಬರುವವರನ್ನು ನೋಡಿದ್ದೇನೆ. ಕೆಳತುಟಿಯ ಒಂದು ಬದಿ ಕಾರಣವಿಲ್ಲದೆ ಜೋಮು ಹಿಡಿದಂತಾದರೆ ಮರುದಿನಕ್ಕೂ ಕಾಯಬೇಡಿ.

ತಿಂಗಳಿಗೊಮ್ಮೆ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ. ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೊದಲು ತಂಬಾಕು ಇಡುವ ಜಾಗ, ಕೆನ್ನೆಯನ್ನು ಬೆರಳಿನಿಂದ ಚೆನ್ನಾಗಿ ಹೊರಗೆಳೆದು. ಆಮೇಲೆ ಇನ್ನೊಂದು ಕೆನ್ನೆ, ಕೆಳತುಟಿಯ ಒಳಗೆ, ನಾಲಿಗೆಯ ಎರಡೂ ಅಂಚು, ನಾಲಿಗೆ ಮೇಲೆತ್ತಿ ಅದರ ಕೆಳಗೆ. ಕಂಡದ್ದನ್ನು ಬೆರಳಲ್ಲಿ ಒತ್ತಿ ನೋಡಿ, ಇನ್ನೊಂದು ಬದಿಯ ಅದೇ ಜಾಗದ ಜೊತೆ ಹೋಲಿಸಿ. ಅನುಮಾನ ಬಂದರೆ ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ಅಥವಾ ಡೆಂಟಲ್ ಕಾಲೇಜಿಗೆ ಹೋದಾಗ ಆ ಫೋಟೊ ತೋರಿಸಿ, ಎಲ್ಲಿ ಇಡುತ್ತಿದ್ದಿರಿ, ಎಷ್ಟು ವರ್ಷದಿಂದ ಅನ್ನುವುದನ್ನು ಮುಚ್ಚಿಡದೆ ಹೇಳಿ. ಹೆಂಡತಿ ಮಕ್ಕಳ ಎದುರು ಹೇಳಲು ಮುಜುಗರವಾದರೆ ಅವರನ್ನು ಹೊರಗೆ ಕೂರಿಸಲು ನಮಗೇ ಹೇಳಿ, ಕೂರಿಸುತ್ತೇವೆ. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಅದು ಸರ್ಕಾರದ್ದೇ ಸಹಾಯವಾಣಿ.